54 ಟನ್ ಎಂ-ಸ್ಯಾಂಡ್‌ಗೆ ಎಷ್ಟು ಟ್ರಿಪ್? ಟ್ರ್ಯಾಕ್ಟರ್, ಟಿಪ್ಪರ್ ಲೆಕ್ಕ ಬಿಡಿಸಿ ನೋಡೂಣು

ಹಳೇ ಹುಬ್ಬಳ್ಳಿ ಒಳಗ ನಮ್ಮ ಅಕ್ಕಾರು ಮನಿ ಕಟ್ಟಾಕ ಹತ್ಯಾರ. ಎಂಜಿನಿಯರ್ ಒಂದು ಹಾಳಿ ಬರದು ಕೊಟ್ರು: ಎಂ-ಸ್ಯಾಂಡ್ 54 ಟನ್, 20 ಎಂಎಂ ಖಡಿ 36 ಟನ್, ಇಟ್ಟಂಗಿ 14,000. ಇದನ್ನ ತಗೊಂಡು ನಮ್ಮ ಭಾವಾರು ಗಾಡಿ ಕೇಳಾಕ ಹೋದ್ರ, ಟ್ರ್ಯಾಕ್ಟರ್‌ನಾಂವ "ಉಸುಕಿಗೆ 12 ಟ್ರಿಪ್ ರೀ" ಅಂದ, ಟಿಪ್ಪರ್ ಮಾಲಕ "ಮೂರಕ್ಕ ಮುಗಿಸಿ ಕೊಡ್ತೀನಿ" ಅಂದ, ಗೌಂಡಿ ಮಾತ್ರ "14 ಆದ್ರೂ ಬೇಕಾಗ್ತಾವ ನೋಡ್ರಿ, ನಾ ನೋಡೀನಿ" ಅಂತ ಕುಂತ. ಮೂರೂ ಮಂದಿ ಸುಳ್ಳ ಹೇಳಾಕತ್ತಿರಲಿಲ್ಲ, ಒಬ್ಬೊಬ್ರು ಒಂದೊಂದು ಅಳತಿ ಹಿಡದು ಮಾತಾಡ್ತಿದ್ರು ಅಷ್ಟ. ಕ್ರಷರ್‌ದಾಗ ಬಿಲ್ ಆಗೂದು ಟನ್ ಮ್ಯಾಲ, ಟ್ರ್ಯಾಕ್ಟರ್‌ನವರು ಮಾತಾಡೂದು ಬ್ರಾಸ್ ಮ್ಯಾಲ, ಬಾಡಗಿ ಕೊಡೂದು ಟ್ರಿಪ್ ಮ್ಯಾಲ. ಈ ಮೂರನ್ನೂ ಒಂದಕ್ಕೊಂದು ಕೂಡಿಸೂದು ಹೆಂಗ ಅನ್ನೂದ ಇಲ್ಲಿ ಹೇಳ್ತೀನಿ, ಅಕ್ಕಾರ ಮನಿ ಲೆಕ್ಕಾನ ಉದಾಹರಣಿ ಇಟ್ಕೊಂಡು.

## ಮೊದಲು ಗಾಡಿ ಎಷ್ಟು ಹೊರತೈತಿ ತಿಳ್ಕೋಬೇಕು

ಟ್ರಿಪ್ ಲೆಕ್ಕ ಅಂದ್ರ ಸಾದಾ ಭಾಗಾಕಾರ. ಒಟ್ಟು ತೂಕಾನ ಒಂದು ಟ್ರಿಪ್ಪಿಗೆ ಬರೂ ತೂಕದಿಂದ ಭಾಗಿಸೂದು. ಮಂದಿ ಎಡವೂದು ಆ ಎರಡನೇ ನಂಬರ್‌ನಾಗ. "ಹತ್ತು ಗಾಲಿ ಟಿಪ್ಪರ್ 28 ಟನ್ ಗಾಡಿ" ಅಂತ ಕೇಳಿ, 54 ನ್ನ 28 ರಿಂದ ಭಾಗಿಸಿ ಎರಡು ಟ್ರಿಪ್ ಸಾಕು ಅಂದ್ಕೊಂಡವರನ್ನ ನಾನ ನೋಡೀನಿ. ಆ 28 ಟನ್ನಿನೊಳಗ ಗಾಡಿ ತನ್ನ ಸ್ವಂತ ತೂಕಾನೂ ಸೇರಿರ್ತೈತಿ.

ಆರ್‌ಸಿ ತಗದು ನೋಡಿದ್ರ ಎರಡು ತೂಕ ಬರದಿರ್ತಾರ. ಒಂದು ಲೋಡ್ ಸಹಿತ ಗಾಡಿ ಗರಿಷ್ಠ ಎಷ್ಟು ತೂಗಬಹುದು ಅನ್ನೂದು, ಇನ್ನೊಂದು ಖಾಲಿ ಗಾಡಿ ತೂಕ. ಮೊದಲನೇದ್ರಾಗ ಎರಡನೇದು ಕಳದ್ರ ಏನ ಉಳೀತೈತೋ ಅಷ್ಟ ಮಾಲು ಹಾಕೂ ಹಂಗ. ನಾವು ಮಾತಾಡಿದ ಹತ್ತು ಗಾಲಿ ಟಿಪ್ಪರ್‌ದು 28,000 ಕೆಜಿ, ಖಾಲಿ 11,500 ಕೆಜಿ, ಅಂದ್ರ ಮಾಲು 16.5 ಟನ್. ಆರು ಗಾಲಿದು 18,500 ಮತ್ತ 7,900, ಅಂದ್ರ ಮಾಲು 10.6 ಟನ್. ಟ್ರ್ಯಾಕ್ಟರ್‌ದಾಗ ಒಂದು ವಿಷಯ ನೆನಪಿಡ್ರಿ, ಎಂಜಿನ್‌ಗೆ ಬ್ಯಾರೆ ಆರ್‌ಸಿ, ಹಿಂದಿನ ಟ್ರೇಲಿಗೆ ಬ್ಯಾರೆ ಆರ್‌ಸಿ ಇರ್ತೈತಿ, ನಮಗ ಬೇಕಾದ್ದು ಟ್ರೇಲಿದು. ನಮ್ಮ ಟ್ರ್ಯಾಕ್ಟರ್‌ನಾಂವನ ಟ್ರೇಲಿ ಲೋಡ್ ಸಹಿತ 6,000, ಖಾಲಿ 1,600, ಅಂದ್ರ ಮಾಲು 4.4 ಟನ್.

ಈ ನಂಬರ್ ಎಲ್ಲಾ ಗಾಡಿಗೂ ಒಂದ ಇರಂಗಿಲ್ಲ. 2018ರ ಜುಲೈದಾಗ ಕೇಂದ್ರ ಸರ್ಕಾರ ಗಾಲಿ ಆಕ್ಸಲ್ ಮ್ಯಾಲ ಬೀಳೂ ತೂಕದ ಮಿತಿ ಏರಿಸ್ತು, ಹಿಂಗಾಗಿ ಅದಕ್ಕಿಂತ ಹಳೇ ಹತ್ತು ಗಾಲಿ ಗಾಡಿ ಆರ್‌ಸಿ ಒಳಗ 25,000 ಅಂತ ಕಾಣಬಹುದು, ಹೊಸಾದ್ರಾಗ 28,000. ನೋಡಾಕ ಎರಡೂ ಒಂದ ಥರ. ಆದ್ರ ಒಂದು ಟ್ರಿಪ್ಪಿಗೆ ಹೆಚ್ಚುಕಡಿಮಿ ಮೂರು ಟನ್ ಫರಕ. ಅದಕ್ಕ ಗಾಲಿ ಎಣಿಸಿ ಲೆಕ್ಕ ಹಾಕಬ್ಯಾಡ್ರಿ, ಆರ್‌ಸಿ ಫೋಟೋ ಕಳಸು ಅನ್ರಿ, ವಾಟ್ಸಾಪ್‌ನಾಗ ಕಳಸ್ತಾರ.

## ಭಾಗಿಸಿದ ಮ್ಯಾಲ ಉಳಿಯೂ ಚೂರು

ಈಗ 54 ಟನ್ನನ್ನ ಭಾಗಿಸೂಣು. ಟ್ರ್ಯಾಕ್ಟರ್‌ದಾಗ 54 ಭಾಗ 4.4 ಅಂದ್ರ 12.27. ಪಾಯಿಂಟ್ ಎರಡೇಳು ಟ್ರಿಪ್ ಅಂತ ಯಾವುದೂ ಇಲ್ಲ, ಗಾಡಿ ಬಂದ್ರ ಪೂರ್ತಿ ಬರತೈತಿ, ಡೀಸೆಲ್ ಪೂರ್ತಿ ಸುಡತೈತಿ. ಹಿಂಗಾಗಿ 13. ಸಾಲ್ಯಾಗ ಕಲಿಸಿದ್ದು ಅರ್ಧಕ್ಕಿಂತ ಕಡಿಮಿ ಇದ್ರ ಬಿಡ್ರಿ, ಹೆಚ್ಚಿದ್ರ ಏರಿಸ್ರಿ ಅಂತ, ಆದ್ರ ಟ್ರಿಪ್ ಲೆಕ್ಕದಾಗ 12.05 ಬಂದ್ರೂ ಮ್ಯಾಲಕ ಹೋಗಬೇಕು. ಮೊಬೈಲ್‌ನಾಗ ಶೀಟ್ ಮಾಡೋರಿದ್ರ ಇಷ್ಟ ಟೈಪ್ ಮಾಡಿದ್ರ ಸಾಕು:

```
=ROUNDUP(54/4.4,0)
```

ಹತ್ತು ಗಾಲಿಗೆ 54 ಭಾಗ 16.5 ಅಂದ್ರ 3.27, ಅಂದ್ರ 4 ಟ್ರಿಪ್. ಆರು ಗಾಲಿಗೆ 54 ಭಾಗ 10.6 ಅಂದ್ರ 5.09, ಅಂದ್ರ 6 ಟ್ರಿಪ್. ಇಲ್ಲೇ ಸ್ವಲ್ಪ ನಿಂತು ನೋಡ್ರಿ. ಆರು ಗಾಲಿ ಐದು ಟ್ರಿಪ್‌ನಾಗ 53 ಟನ್ ತಂದು ಸುರುವತೈತಿ, ಆರನೇ ಟ್ರಿಪ್ ಬರೂದು ಬರೇ ಒಂದು ಟನ್ ಸಲುವಾಗಿ! ಹತ್ತೂವರಿ ಟನ್ ಹೊರೂ ಗಾಡಿ ಒಂದು ಟನ್ ಹೊತ್ಕೊಂಡು ಬಂದ್ರೂ ಬಾಡಗಿ ಪೂರಾ.

ಅಂದ್ರ ಲೆಕ್ಕ ಮುಗದಿದ್ದು ಟ್ರಿಪ್ ಎಣಿಕಿಯಿಂದ ಅಲ್ಲ, ಕಡೀ ಟ್ರಿಪ್ ಎಷ್ಟು ತುಂಬಿ ಬರತೈತಿ ಅನ್ನೂದ್ರಿಂದ. ಹತ್ತು ಗಾಲಿ ನಾಕನೇ ಟ್ರಿಪ್‌ನಾಗ ತರೂದು 54 ರಾಗ 49.5 ಕಳದ್ರ ಉಳಿಯೂ 4.5 ಟನ್. ಇದು ಒಂದು ಟ್ರ್ಯಾಕ್ಟರ್ ಮಾಲು. ಹಂಗಂದ್ರ ಮೂರು ಟಿಪ್ಪರ್, ಒಂದು ಟ್ರ್ಯಾಕ್ಟರ್. ತಿಳೀಲಿ ಅಂತ ಒಂದು ಬಾಡಗಿ ಹಿಡಿಯೂಣು, ಟಿಪ್ಪರ್ ಟ್ರಿಪ್ಪಿಗೆ 6,000, ಟ್ರ್ಯಾಕ್ಟರ್ ಟ್ರಿಪ್ಪಿಗೆ 1,800 (ನಿಮ್ಮ ಕಡೆ ದೂರ ನೋಡಿ ಬ್ಯಾರೆ ಇರ್ತೈತಿ). ಬರೇ ಟಿಪ್ಪರ್ ನಾಕು ಅಂದ್ರ 24,000. ಬರೇ ಟ್ರ್ಯಾಕ್ಟರ್ ಹದಿಮೂರು ಅಂದ್ರ 23,400. ಮೂರು ಟಿಪ್ಪರ್ ಒಂದು ಟ್ರ್ಯಾಕ್ಟರ್ ಅಂದ್ರ 19,800. ಮಾಲು ಅದ, ಮನಿ ಅದ, ಬರೇ ಕಡೀ ಚೂರಿಗೆ ಸಣ್ಣ ಗಾಡಿ ಹಾಕಿದ್ದಕ್ಕ 4,000 ದ ಆಸುಪಾಸು ಉಳೀತು.

ಇಲ್ಲಿ ಯಾರರ ಜಾಣರು ಕೇಳ್ತಾರ, ಟ್ರ್ಯಾಕ್ಟರ್ 4.4 ಹೊರತೈತಿ, ಉಳದಿದ್ದು 4.5, ಇನ್ನೂ 100 ಕೆಜಿ ಎಲ್ಲಿ ಅಂತ. ಖರೇನ. ಕಟ್ಟಾ ಲೆಕ್ಕ ಹಿಡದ್ರ ಇನ್ನೊಂದು ಟ್ರಿಪ್ ಬೇಕು. ಆದ್ರ 100 ಕೆಜಿ ಎಂ-ಸ್ಯಾಂಡ್ ಅಂದ್ರ ಖಾಲಿ ಸಿಮೆಂಟ್ ಚೀಲದಾಗ ತುಂಬಿದ್ರ ಎರಡು ಚೀಲ. ಎಂಜಿನಿಯರ್ ಕೊಟ್ಟ 54 ಟನ್ನಿನೊಳಗ ಚೆಲ್ಲಿ ಹೋಗೂದಕ್ಕಂತ ಇದಕ್ಕಿಂತ ಭಾಳ ಜಾಸ್ತಿ ಹಿಡದಿರ್ತಾರ. ಎರಡು ಚೀಲಕ್ಕ ಯಾರೂ ಗಾಡಿ ಕರಸಂಗಿಲ್ಲ. ಮ್ಯಾಲಕ ಏರಿಸೂ ನಿಯಮ ಬಿಡೂದು ಇಂಥಲ್ಲಿ ಅಷ್ಟ, ಉಳದ ಚೂರು ಅಂದಾಜಿನ ತಪ್ಪಿಗಿಂತ ಸಣ್ಣದಿದ್ದಾಗ. ಆರು ಗಾಲಿದ ಒಂದು ಟನ್ ಹಂಗಲ್ಲ, ಅದು ಸುಮಾರು 18 ಚೀಲ ಆಗ್ತೈತಿ, ಅದನ್ನ ಬಿಟ್ರ ಕಡೀಗೆ ಪ್ಲಾಸ್ಟರ್ ಅರ್ಧಕ್ಕ ನಿಲ್ಲತೈತಿ.

## ಬ್ರಾಸ್ ಅಂದ್ರ ಜಾಗ, ಟನ್ ಅಂದ್ರ ತೂಕ

ಟ್ರ್ಯಾಕ್ಟರ್‌ನಾಂವ 12 ಅಂದಿದ್ದು ಯಾಕ ಅಂತ ನೋಡೂಣು. ಒಂದು ಬ್ರಾಸ್ ಅಂದ್ರ 100 ಘನ ಅಡಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಒಂದು ಅಡಿ ಎತ್ತರದ ರಾಶಿ ಅಂದ್ಕೊಳ್ರಿ. ಅದು ಎಷ್ಟು ಜಾಗ ಹಿಡೀತೈತಿ ಅನ್ನೂದ್ರ ಅಳತಿ, ತೂಕ ಅಲ್ಲ. ಒಂದು ಡಬ್ಬಿ ಅಳ್ಳು ಒಂದು ಡಬ್ಬಿ ಜೋಳ ಎರಡೂ ಒಂದ ಜಾಗ ಹಿಡದ್ರೂ ತೂಕ ಬ್ಯಾರೆ ಆಗ್ತೈತಲ್ಲ, ಹಂಗ.

ಜಾಗಾನ ತೂಕ ಮಾಡಾಕ ಬೇಕಾಗೂದು ಒಂದು ಘನ ಅಡಿ ಮಾಲು ಎಷ್ಟು ಕೆಜಿ ಅನ್ನೂದು. ಎಂ-ಸ್ಯಾಂಡ್ ಸುಮಾರು 47 ಕೆಜಿ, ಹೊಳಿ ಉಸುಕು ಒಣಗಿದ್ದು 45 ರ ಆಸುಪಾಸು, 20 ಎಂಎಂ ಖಡಿ 43 ರ ಆಸುಪಾಸು. ಖಡಿ ಕಲ್ಲು ಆದ್ರೂ ಯಾಕ ಕಡಿಮಿ ಅಂದ್ರ, ಕಲ್ಲು ಕಲ್ಲಿನ ನಡುವ ಸಂದಿ ಭಾಳ, ಎಂ-ಸ್ಯಾಂಡ್‌ನಾಗ ಸಣ್ಣ ಹಳ್ಳು ಆ ಸಂದಿ ತುಂಬಿಬಿಡತೈತಿ. ಇದು ಕ್ವಾರಿಯಿಂದ ಕ್ವಾರಿಗೆ ಸ್ವಲ್ಪ ಹೆಚ್ಚುಕಡಿಮಿ ಆಗ್ತೈತಿ. ನಿಮ್ಮ ಮಾಲಿಂದು ಗೊತ್ತಾಗಬೇಕಂದ್ರ ಒಂದು ಬಕೆಟ್ ನೀರು ತುಂಬಿ ತೂಗ್ರಿ, ಎಷ್ಟು ಕೆಜಿ ನೀರೋ ಅಷ್ಟು ಲೀಟರ್ ಬಕೆಟ್. ಅದ ಬಕೆಟ್ ಒಣಗಿಸಿ ಉಸುಕು ತುಂಬಿ ತೂಗ್ರಿ. ಒಂದು ಘನ ಅಡಿ ಅಂದ್ರ 28.3 ಲೀಟರ್, ಉಳದಿದ್ದು ಸಾದಾ ಗುಣಾಕಾರ. ಎರಡೂ ಸಲ ಖಾಲಿ ಬಕೆಟ್ ತೂಕ ಕಳಿಯೂದು ಮರೀಬ್ಯಾಡ್ರಿ.

ಈಗ 54,000 ಕೆಜಿನ 47 ರಿಂದ ಭಾಗಿಸಿದ್ರ 1,149 ಘನ ಅಡಿ, ಅಂದ್ರ ಹನ್ನೊಂದೂವರಿ ಬ್ರಾಸ್. ಟ್ರಿಪ್ಪಿಗೆ ಒಂದು ಬ್ರಾಸ್ ಹಾಕ್ತೀನಿ ಅನ್ನೋ ಟ್ರ್ಯಾಕ್ಟರ್‌ನಾಂವಗ ಅದು 12 ಟ್ರಿಪ್. ಅಂವನ ಲೆಕ್ಕ ಅಂವಗ ಸರೀನ ಐತಿ. ಆದ್ರ ಒಂದು ಬ್ರಾಸ್ ಎಂ-ಸ್ಯಾಂಡ್ 4.7 ಟನ್, ಅಂವನ ಟ್ರೇಲಿ ಹೊರೂದು 4.4. ಪ್ರತಿ ಟ್ರಿಪ್ಪಿಗೂ 300 ಕೆಜಿ ಜಾಸ್ತಿ ಏರಿಸೇ ಅಂವ ಆ ಹದಿಮೂರನೇ ಟ್ರಿಪ್ ಉಳಿಸಿದ್ದು.

ಟ್ರೇಲಿ ಅಳದು ನೋಡಿದ್ರ ಇದು ಕಣ್ಣಿಗೇ ಕಾಣ್ತೈತಿ. ಒಳಗಿನ ಅಳತಿ 10 ಅಡಿ, 6 ಅಡಿ, ಎತ್ತರ 21 ಇಂಚು. ಅಂಚಿನ ತನಕ ಸಪಾಟ ತುಂಬಿದ್ರ 105 ಘನ ಅಡಿ, ಎಂ-ಸ್ಯಾಂಡ್ ಆದ್ರ 4.9 ಟನ್. ಅಂದ್ರ ಡಬ್ಬಿ ತುಂಬೂಕಿಂತ ಮೊದಲ ತೂಕ ತುಂಬಿಬಿಡತೈತಿ. 4.4 ಟನ್‌ಗ ನಿಲ್ಲಸಬೇಕಂದ್ರ 94 ಘನ ಅಡಿಗೆ ನಿಲ್ಲಬೇಕು, ಅಂಚಿಂದ ಎರಡು ಇಂಚಿಗಿಂತ ಸ್ವಲ್ಪ ಜಾಸ್ತಿ ಕೆಳಗ. ಒಳಗ ಬಣ್ಣದ ಗೆರಿ ಹೊಡದ್ರ ಮುಗೀತು. ಮಂದಿ ಮಾತ್ರ ಡಬ್ಬಿ ಅಂಚು ಕಂಡ್ರ "ಕಡಿಮಿ ತಂದಾನ" ಅಂತ ಜಗಳಕ್ಕ ಬರ್ತಾರ, ಅದ ಗಾಡಿ ಗುಡ್ಡಾ ಮಾಡಿ ತಂದ್ರ ಖುಷಿ. ಖಡಿ ಆದ್ರ ಇದ ಡಬ್ಬಿ ಹೆಚ್ಚುಕಡಿಮಿ ಅಂಚಿನ ತನಕ ತುಂಬಿದಾಗ 4.5 ಟನ್ ಆಗ್ತೈತಿ, ಅಂದ್ರ ಅರ್ಧ ಇಂಚು ಬಿಟ್ರ ಸಾಕು.

ಟಿಪ್ಪರ್ ಮಾಲಕ ಮೂರಕ್ಕ ಮುಗಿಸ್ತೀನಿ ಅಂದಿದ್ದೂ ಇದ ಕಥಿ. 54 ನ್ನ ಮೂರಕ್ಕ ಹಂಚಿದ್ರ ಟ್ರಿಪ್ಪಿಗೆ 18 ಟನ್, ಮಿತಿಗಿಂತ ಒಂದೂವರಿ ಟನ್ ಮ್ಯಾಲ. ಮೋಟಾರು ವಾಹನ ಕಾಯ್ದೆಗೆ 2019ರಾಗ ತಿದ್ದುಪಡಿ ಆದ ಮ್ಯಾಲ 194ನೇ ಕಲಂ ಪ್ರಕಾರ ಓವರ್‌ಲೋಡ್‌ಗೆ 20,000 ದಂಡ, ಅದರ ಮ್ಯಾಲ ಹೆಚ್ಚಿನ ಪ್ರತಿ ಟನ್ನಿಗೆ 2,000, ಮತ್ತ ಹೆಚ್ಚಿಗಿ ಮಾಲು ಇಳಿಸೂ ತನಕ ಗಾಡಿ ಮುಂದ ಹೋಗಾಕ ಬಿಡಂಗಿಲ್ಲ. ಅದ ಗಾಡಿಗೆ ಐದು ಬ್ರಾಸ್ ಹೇರಿದ್ರ 23.5 ಟನ್, ಅಂದ್ರ 7 ಟನ್ ಜಾಸ್ತಿ, ದಂಡ 34,000. ಬಾಡಗಿ ಉಳಿಸಿದ್ದು 6,000. ಹಿಡದ್ರ ಮಾಲಕನ ಜವಾಬ್ದಾರಿ ಅಂತ ನಾವು ಅನ್ನಬಹುದು, ಆದ್ರ ದಾರ್ಯಾಗ ಇಳಿಸಿದ ಮಾಲು ನಮ್ಮದು.

## ಹಸಿ ಉಸುಕು: ತೂಕದಾಗ ನೀರು, ಬ್ರಾಸ್‌ನಾಗ ಗಾಳಿ

ಗೌಂಡಿ 14 ಅಂದಿದ್ದು ಎಲ್ಲಿಂದ ಬಂತು? ಅಂವಗ ಭಾಗಾಕಾರ ಗೊತ್ತಿಲ್ಲದಿರಬಹುದು, ಹಸಿ ಉಸುಕು ಗೊತ್ತೈತಿ.

ಕ್ರಷರ್‌ದಾಗ ಎಂ-ಸ್ಯಾಂಡ್ ತೊಳದು ಕೊಡ್ತಾರ, ಹೊಳಿ ಉಸುಕಂತೂ ನೀರಾಗಿಂದ ಎತ್ತಿದ್ದ. ಎಂಜಿನಿಯರ್ ಬರದ 54 ಟನ್ ಒಣ ಮಾಲಿಂದು. ತರೂ ಮಾಲಿನ್ಯಾಗ ಒಣ ತೂಕದ ನೂರಕ್ಕ ಆರರಷ್ಟು ನೀರು ಇದ್ರ, 54 ಟನ್ ಒಣ ಮಾಲು ಸಿಗಾಕ ಕಾಟಾದ ಮ್ಯಾಲ 57.2 ಟನ್ ತೂಗಬೇಕು. ಉಳಿದ 3.2 ಟನ್ ನೀರು. ಆ ನೀರನ್ನ ಗಾಡಿ ಹೊರಬೇಕು, ನಾವು ರೊಕ್ಕ ಕೊಡಬೇಕು, ಎರಡು ದಿನ ಬಿಸಲಿಗೆ ಬಿದ್ರ ಅದು ಆರಿ ಹೋಗ್ತೈತಿ.

ಟ್ರಿಪ್ಪಿಗೆ ಇದರ ಪರಿಣಾಮ ಏನು? 57.2 ನ್ನ 4.4 ರಿಂದ ಭಾಗಿಸಿದ್ರ ಸರಿಯಾಗಿ 13. ಅಂದ್ರ ಒಣ ಲೆಕ್ಕದಾಗ ಹದಿಮೂರನೇ ಟ್ರಿಪ್ ಕಾಲು ಭಾಗ ತುಂಬಿ, ಮುಕ್ಕಾಲು ಖಾಲಿ ಬರತಿತ್ತು, ಆ ಖಾಲಿ ಜಾಗಾನೆಲ್ಲ ನೀರು ತಿಂದು ಹಾಕ್ತು. ಮಳಿ ಬಂದು ಇನ್ನೊಂದು ನಾಕು ಬುಟ್ಟಿ ನೀರು ಕುಡದ್ರೂ ಹದಿನಾಕನೇದು ಬೇಕು. ಗೌಂಡಿ ಗೆದ್ದ. ಟಿಪ್ಪರ್ ಲೆಕ್ಕದಾಗ ಮೂರು ಟ್ರಿಪ್ ಆದ ಮ್ಯಾಲ 7.7 ಟನ್ ಉಳೀತೈತಿ, ಅದಕ್ಕ ಒಂದಲ್ಲ, ಎರಡು ಟ್ರ್ಯಾಕ್ಟರ್. ಹಂಗಿದ್ರೂ 18,000 ಕ್ಕ 3,600 ಕೂಡಿ 21,600, ನಾಕು ಟಿಪ್ಪರ್‌ಗಿಂತ ಕಡಿಮೀನ.

ಹಂಗಾದ್ರ ಟನ್ ಬ್ಯಾಡ, ಬ್ರಾಸ್‌ನಾಗ ತಗೊಳ್ಳೂಣು ಅಂತೀರೇನು? ಅಲ್ಲಿ ಬ್ಯಾರೆ ಆಟ. ಸ್ವಲ್ಪ ಹಸಿ ಇದ್ದ ಉಸುಕಿನ ಪ್ರತಿ ಹಳ್ಳಿನ ಸುತ್ತಾ ನೀರಿನ ತೆಳು ಪದರ ಕುಂತು ಒಂದನ್ನೊಂದು ದೂರ ಸರಸ್ತೈತಿ. ರಾಶಿ ಉಬ್ಬತೈತಿ. ಸಣ್ಣ ಉಸುಕು ಆದ್ರ ನೂರಕ್ಕ ಐದಾರರಷ್ಟು ನೀರಿದ್ದಾಗ ನೂರಕ್ಕ 20 ರಿಂದ 30 ರ ತನಕ ಉಬ್ಬಬಹುದು. ತಮಾಷಿ ಅಂದ್ರ, ಇನ್ನೂ ನೀರು ಹಾಕಿ ಪೂರ್ತಿ ಮುಳುಗಿಸಿದ್ರ ಪದರ ಒಡದು ಮತ್ತ ಒಣ ಉಸುಕಿನ ಅಳತಿಗೇ ಇಳೀತೈತಿ. ಅದ ಇದರ ಪರೀಕ್ಷಾನೂ ಹೌದು. ಒಂದು ಗಾಜಿನ ಬಾಟ್ಲಿ ಒಳಗ ಹಸಿ ಉಸುಕು ಹತ್ತು ಇಂಚು ಎತ್ತರ ತುಂಬ್ರಿ, ಒತ್ತಬ್ಯಾಡ್ರಿ. ನೀರು ಹಾಕಿ ಕಡ್ಡಿಂದ ಕಲಿಸಿ ಕುಂಡ್ರಾಕ ಬಿಡ್ರಿ. ಎಂಟು ಇಂಚಿಗೆ ಇಳೀತಂದ್ರ, ಎಂಟರ ಮಾಲು ಹತ್ತಾಗಿ ಕುಂತಿತ್ತು, ನೂರಕ್ಕ 25 ಉಬ್ಬಿತ್ತು ಅಂತ ಅರ್ಥ. ಅಂಥ ಉಸುಕು ಒಂದು ಬ್ರಾಸ್ ತಗೊಂಡ್ರ ನಿಮಗ ಸಿಕ್ಕಿದ್ದು 80 ಘನ ಅಡಿ.

ಹಂಗಾಗಿ ಹಸಿ ಮಾಲು ಟನ್‌ದಾಗ ತಗೊಂಡ್ರ ನೀರಿಗೆ ರೊಕ್ಕ, ಬ್ರಾಸ್‌ನಾಗ ತಗೊಂಡ್ರ ಗಾಳಿಗೆ ರೊಕ್ಕ. ಎರಡ್ರಾಗ ಟನ್ ಲೇಸು, ನೂರಕ್ಕ ಆರು ಹೋಗೂದು ನೂರಕ್ಕ ಇಪ್ಪತ್ತು ಹೋಗೂದಕ್ಕಿಂತ ಕಡಿಮಿ. ಖಡಿಗೆ ಈ ಉಬ್ಬೂ ಕಾಟ ಇಲ್ಲ, ಕಲ್ಲು ದೊಡ್ಡವು, ನೀರು ಸೋರಿ ಹೋಗ್ತೈತಿ.

## ಇಟ್ಟಂಗಿ: ಎಣಿಕಿ ಒಂದು, ತೂಕ ಇನ್ನೊಂದು

ಇಟ್ಟಂಗಿ ಎಣಿಸಿ ತಗೊಳ್ಳೂದ್ರಿಂದ ಮಂದಿ ತೂಕದ ವಿಚಾರ ಬಿಟ್ಟಬಿಡ್ತಾರ. ಭಟ್ಟಿ ಹತ್ರ ಹತ್ತು ಇಟ್ಟಂಗಿ ತಗೊಂಡು ತೂಗಿ ಹತ್ತರಿಂದ ಭಾಗಿಸ್ರಿ, ಒಂದ ತೂಗಬ್ಯಾಡ್ರಿ, ಕೈಲೆ ಮಾಡಿದವು ಒಂದರಂಗ ಒಂದು ಇರಂಗಿಲ್ಲ. ನಮ್ಮವು 9 ಇಂಚು, 4 ಇಂಚು, 3 ಇಂಚು, ಸರಾಸರಿ 2.8 ಕೆಜಿ ಬಂದ್ವು. 14,000 ಕ್ಕ 39.2 ಟನ್. ಟ್ರ್ಯಾಕ್ಟರ್ ಟ್ರಿಪ್ಪಿಗೆ 4,400 ಭಾಗ 2.8, ಅಂದ್ರ 1,571 ಇಟ್ಟಂಗಿ. 14,000 ಕ್ಕ 8.9, ಅಂದ್ರ 9 ಟ್ರಿಪ್. ಇಲ್ಲಿ ಒಂದು ಸಣ್ಣ ಮಾತು: ಟ್ರಿಪ್ಪಿಗೆ ಎಷ್ಟು ಇಟ್ಟಂಗಿ ಅನ್ನೂವಾಗ ಕೆಳಗಿಳಿಸಬೇಕು, ಅರ್ಧ ಇಟ್ಟಂಗಿ ಹೇರಂಗಿಲ್ಲ. ಟ್ರಿಪ್ ಎಣಿಸೂವಾಗ ಮ್ಯಾಲೇರಿಸಬೇಕು.

ಟ್ರ್ಯಾಕ್ಟರ್‌ನಾಂವ "ಟ್ರಿಪ್ಪಿಗೆ ಎರಡು ಸಾವಿರ, ಏಳು ಟ್ರಿಪ್" ಅಂದ್ರ ಅದು 5.6 ಟನ್, 1.2 ಟನ್ ಜಾಸ್ತಿ. ಅದ ಬ್ರೇಕ್ ಮ್ಯಾಲ, ಇಳಿಜಾರಿನ್ಯಾಗ, ಕೆಳಗಿನ ಸಾಲಿನ ಇಟ್ಟಂಗಿ ಮ್ಯಾಲ ಬೀಳೂ ಭಾರ. ಮನಿಗೆ ಬಂದು ಇಳಿಸಿದಾಗ ಕೆಳಗಿನವು ಮುರದಿರ್ತಾವ, ಎಣಿಕಿ ಮಾತ್ರ ಸರೀ ಇರ್ತೈತಿ.

ಮಳಿ ಬಂದ್ರ ಇನ್ನೊಂದು ಲೆಕ್ಕ. ಸುಟ್ಟ ಇಟ್ಟಂಗಿ ಸ್ಪಂಜಿನಂಗ ನೀರು ಕುಡೀತೈತಿ. ಭಾರತೀಯ ಮಾನಕದಾಗ (ಐಎಸ್ 1077) ಸಾಮಾನ್ಯ ಇಟ್ಟಂಗಿ 24 ತಾಸು ನೀರಾಗಿಟ್ರ ತನ್ನ ತೂಕದ ನೂರಕ್ಕ 20 ಕ್ಕಿಂತ ಹೆಚ್ಚು ಕುಡೀಬಾರದು ಅಂತೈತಿ, ಅಂದ್ರ ಚಲೋ ಇಟ್ಟಂಗಿನೂ ಅಷ್ಟರ ಹತ್ರ ಕುಡೀಬಹುದು. ರಾತ್ರಿ ಮಳ್ಯಾಗ ನೆನದ 2.8 ರ ಇಟ್ಟಂಗಿ 3.2 ಕೆಜಿ ಆತು ಅನ್ರಿ, ಟ್ರಿಪ್ಪಿಗೆ 1,375 ಹಾಕಬೇಕು, 14,000 ಕ್ಕ 10.18, ಅಂದ್ರ 11 ಟ್ರಿಪ್. ಒಂದು ರಾತ್ರಿ ಮಳಿ ಎರಡು ಟ್ರಿಪ್ ಜಾಸ್ತಿ ಮಾಡ್ತು. ಎರಡು ದಿನ ಒಣಗಾಕ ಬಿಟ್ಟು ತರಿಸಿದ್ರ ಅದು ಉಳೀತೈತಿ.

## ಕಾಟಾ ಚೀಟಿ ಓದೂದು

ವೇ ಬ್ರಿಡ್ಜ್ ಚೀಟಿ ಒಳಗ ಮೂರು ತೂಕ: ತುಂಬಿದ ಗಾಡಿ, ಖಾಲಿ ಗಾಡಿ, ಎರಡರ ನಡುವಿನ ಮಾಲು. ಮಾಲಿನ ನಂಬರ್ ಅಷ್ಟ ನೋಡಿ ರೊಕ್ಕ ಕೊಡಬ್ಯಾಡ್ರಿ, ಖಾಲಿ ತೂಕ ತೂಗಿದ ದಿನಾ, ತಾಸು ನೋಡ್ರಿ. ಕೆಲವು ಕಡೆ ಹಿಂದ ಯಾವಾಗೋ ತೂಗಿದ ಖಾಲಿ ತೂಕಾನ ಕಂಪ್ಯೂಟರ್‌ನಾಗ ಇಟ್ಕೊಂಡು ಅದನ್ನ ಹಾಕ್ತಾರ. ಆವಾಗ ಡೀಸೆಲ್ ಟ್ಯಾಂಕ್ ಖಾಲಿ ಇದ್ದು ಈಗ 200 ಲೀಟರ್ ತುಂಬಿದ್ರ, ಸುಮಾರು 165 ಕೆಜಿ ಡೀಸೆಲ್ ನಿಮ್ಮ ಉಸುಕಿನ ಲೆಕ್ಕಕ್ಕ ಸೇರತೈತಿ. ಡ್ರೈವರ್, ಕ್ಲೀನರ್ ಕೆಳಗಿಳದು ಖಾಲಿ ತೂಗಿ, ಕೂತು ಲೋಡ್ ತೂಗಿದ್ರ ಇನ್ನೊಂದು 130. ನಮ್ಮ ಕಡೆ ಮಳಿಗಾಲದಾಗ ಎರಿ ಮಣ್ಣು ಗಾಲಿಗೆ ಮೆತ್ತಿದ್ದೂ ಹಂಗ. ಒಂದೊಂದ ನೋಡಿದ್ರ ಸಣ್ಣವು, ಆದ್ರ ಹತ್ತು ಟ್ರಿಪ್ಪಿಗೆ ಕೂಡಿದ್ರ ಅರ್ಧ ಟ್ರ್ಯಾಕ್ಟರ್‌ಗಿಂತ ಜಾಸ್ತಿ ಮಾಲು.

ಚೀಟಿ ಸುಳ್ಳೋ ಖರೇನೋ ಗೊತ್ತಾಗಾಕ ಟೇಪ್ ಹಿಡ್ರಿ. ಡಬ್ಬಿ ಒಳಗ ಮಾಲು ಸಪಾಟ ಮಾಡಿಸಿ ಎತ್ತರ ಅಳದು, ಘನ ಅಡಿ ತಗದು, 47 ರಿಂದ ಗುಣಿಸ್ರಿ. ಚೀಟಿಗೂ ಇದಕ್ಕೂ ನೂರಕ್ಕ ಐದರ ಒಳಗ ಫರಕ ಇದ್ರ ಸುಮ್ನಿರ್ರಿ, ಅದು ಅಳತಿ ತಪ್ಪಿರಬಹುದು. ಹಸಿ ಉಬ್ಬಿದ ಉಸುಕಿಗೆ ಮಾತ್ರ ಈ ಉಪಾಯ ನಡ್ಯಂಗಿಲ್ಲ.

## ಓಣಿ ಸಣ್ಣದು, ದಿನಾ ಎಷ್ಟು

ಇಷ್ಟೆಲ್ಲ ಲೆಕ್ಕ ಮಾಡಿ ಮೂರು ಟಿಪ್ಪರ್ ಎರಡು ಟ್ರ್ಯಾಕ್ಟರ್ ಅಂತ ಕುಂತ್ರ, ಟಿಪ್ಪರ್ ಓಣಿ ಒಳಗ ಹೊಳ್ಳಂಗಿಲ್ಲ ಅಂತ ಗೊತ್ತಾತು. ಹಳೇ ಹುಬ್ಬಳ್ಳಿ ಓಣಿ ನೋಡಿದವರಿಗೆ ಹೇಳೂದ ಬ್ಯಾಡ. ದೊಡ್ಡ ರಸ್ತಾಕ್ಕ ಸುರುವಿ ಅಲ್ಲಿಂದ ಟ್ರ್ಯಾಕ್ಟರ್‌ದಾಗ ಒಳಗ ತರಬಹುದು, ಆದ್ರ ಟ್ರಿಪ್ ಎರಡು ಸಲ ಎಣಿಸಬೇಕು: ಹೊರಗಿಂದ ನಾಕು ಟಿಪ್ಪರ್, ಒಳಗ ಹದಿಮೂರು ಟ್ರ್ಯಾಕ್ಟರ್, ಮತ್ತ ನಡುವ ಬುಟ್ಟಿಲೆ ಹೇರೂ ಕೂಲಿ, ಮಣ್ಣಿನ್ಯಾಗ ಕೂಡಿ ಹೋಗೂ ಕಡೀ ಪದರ. ಹಿಂಗ ಮಾಡಿದ್ರ ಟಿಪ್ಪರ್ ಅಗ್ಗ ಆಗೂದು ಕ್ರಷರ್ ಭಾಳ ದೂರ ಇದ್ದಾಗ ಅಷ್ಟ. ಮುಂಡರಗಿ ಕಡೆಯಿಂದ ತುಂಗಭದ್ರಾ ಉಸುಕು ಹುಬ್ಬಳ್ಳಿಗೆ ತರೋರಿಗೆ ಟ್ರ್ಯಾಕ್ಟರ್ ಲೆಕ್ಕಕ್ಕ ಬರಂಗಿಲ್ಲ, ಊರ ಹೊರಗಿನ ಕ್ರಷರ್‌ಗೆ ಬರತೈತಿ.

ನಮ್ಮದು ಹತ್ರದ್ದು, ಹಿಂಗಾಗಿ ಸೀದಾ ಟ್ರ್ಯಾಕ್ಟರ್. ಹೋಗಿ, ಹೇರಿ, ಕಾಟಾ ಮಾಡಿ, ಬಂದು ಇಳಿಸಾಕ ಎರಡೂವರಿ ತಾಸು. ದಿನಕ್ಕ ಎಂಟು ತಾಸಂದ್ರ 3.2 ಟ್ರಿಪ್, ಇಲ್ಲಿ ಕೆಳಗಿಳಿಸಬೇಕು, ಪಾಯಿಂಟ್ ಎರಡು ಟ್ರಿಪ್ಪಿಗೆ ಸಂಜಿಮುಂದ ಯಾರೂ ಹೊರಡಂಗಿಲ್ಲ. ದಿನಕ್ಕ ಮೂರು. ಹದಿಮೂರು ಟ್ರಿಪ್ಪಿಗೆ 4.33 ದಿನ, ಇಲ್ಲಿ ಏರಿಸಬೇಕು, ಐದು ದಿನ. ಐದನೇ ದಿನ ಒಂದ ಟ್ರಿಪ್. ಭಾವಾರು ಆ ದಿನಾನ ಖಾಲಿ ಬಿಡದ, ಉಳದ ಎರಡು ಟ್ರಿಪ್‌ನಾಗ ಖಡಿ ತರಿಸಾಕ ಹಚ್ಚಿದ್ರು. ಖಡಿಗೆ 36 ಭಾಗ 4.4, 8.18 ಅಂದ್ರ 9 ಟ್ರಿಪ್. ಅದರಾಗ ಎರಡು ಅಲ್ಲೇ ಮುಗದು, ಉಳದ ಏಳಕ್ಕ ಮತ್ತ ಮೂರು ದಿನ. ಒಂಬತ್ತನೇ ಟ್ರಿಪ್ 0.8 ಟನ್ನಿಂದು, ಅದನ್ನ ತರಸಬೇಕೋ ಬ್ಯಾಡೋ ಸ್ಲ್ಯಾಬ್ ಹಾಕೂ ಮುಂದ ರಾಶಿ ನೋಡಿ ಹೇಳ್ತೀನಿ ಅಂತ ಎಂಜಿನಿಯರ್ ಅಂದಾರ.